ಪಾಠದ ವಿಡಿಯೊಗೆ ಎಷ್ಟು ಫ್ರೇಮ್, ಆಟದ ವಿಡಿಯೊಗೆ ಎಷ್ಟು?

ಮೈಸೂರಿನ ಸರಸ್ವತಿಪುರಂನಲ್ಲಿ ನಾನು ಕಂಪ್ಯೂಟರ್ ಲೆಕ್ಕಪತ್ರದ ತರಗತಿ ನಡೆಸುತ್ತೇನೆ. ಬರುವವರಲ್ಲಿ ಅರ್ಧಕ್ಕರ್ಧ ಜನ ಮಂಡ್ಯದ ಕಡೆಯ ಹಳ್ಳಿಗಳವರು. ದಿನವೂ ಬಂದು ಹೋಗಲು ಆಗದವರಿಗಾಗಿ ಲಿಬ್ರೆ ಆಫೀಸ್ ಕ್ಯಾಲ್ಕ್‌ನ ಪಾಠಗಳನ್ನು ಪರದೆಯಿಂದಲೇ ರೆಕಾರ್ಡ್ ಮಾಡಿ ಕಳಿಸುತ್ತೇನೆ. ಮೊದಲ ಪಾಠ ಕಳಿಸಿದ ಮರುದಿನ ಪಾಂಡವಪುರದ ಕಡೆಯ ಹಾಲಿನ ಡೇರಿಯ ಕಾರ್ಯದರ್ಶಿಯೊಬ್ಬರು ಫೋನ್ ಮಾಡಿದರು. "ಮೇಡಂ, ನಿಮ್ಮ ಒಂದು ಪಾಠ ಇಳಿಸಿಕೊಂಡರೆ ನನ್ನ ಆ ದಿನದ ಡೇಟಾದಲ್ಲಿ ಅರ್ಧಕ್ಕಿಂತ ಹೆಚ್ಚು ಮುಗಿದುಹೋಗುತ್ತದೆ. ಅದೇ ಫೋನಿನಲ್ಲಿ ಮಗಳೂ ಓದಬೇಕು" ಎಂದರು. ಪಾಠ ಇಪ್ಪತ್ತು ನಿಮಿಷದ್ದು. ಫೈಲು 900 ಎಂಬಿ. ಅವರ ಡೇಟಾ ದಿನಕ್ಕೆ 1.5 ಜಿಬಿ.

ನನಗೆ ತಕ್ಷಣ ಹೊಳೆದದ್ದು ಫ್ರೇಮ್ ದರ. ಸೆಕೆಂಡಿಗೆ 60 ಚಿತ್ರ ಹಿಡಿಯುತ್ತಿದ್ದೇನೆ, ಅದನ್ನು 30ಕ್ಕೆ ಇಳಿಸಿದರೆ ಫೈಲು ಅರ್ಧವಾಗುತ್ತದೆ, 15ಕ್ಕೆ ಇಳಿಸಿದರೆ ಕಾಲು ಭಾಗವಾಗುತ್ತದೆ ಎಂದು ಲೆಕ್ಕ ಹಾಕಿದೆ. ಅದೇ ಪಾಠವನ್ನು 30ರಲ್ಲಿ ಮತ್ತೆ ರೆಕಾರ್ಡ್ ಮಾಡಿದೆ. ಫೈಲು ಮತ್ತೆ 900 ಎಂಬಿ. 15ಕ್ಕೆ ಇಳಿಸಿದೆ. ಆಗಲೂ 900. ಮೌಸ್ ಮಾತ್ರ ಕುಪ್ಪಳಿಸತೊಡಗಿತು, ಫೈಲು ಒಂದಿಷ್ಟೂ ಕರಗಲಿಲ್ಲ.

ಫ್ರೇಮ್ ದರಕ್ಕೂ ಫೈಲಿನ ಗಾತ್ರಕ್ಕೂ ಇರುವ ನಂಟು ಏನು, ಪಾಠದ ವಿಡಿಯೊದಲ್ಲಿ ಅದು ಹೇಗೆ, ಆಟದ ವಿಡಿಯೊದಲ್ಲಿ ಹೇಗೆ ಎಂಬುದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ನಾನು ಬಳಸುವುದು ಒಬಿಎಸ್ ಸ್ಟುಡಿಯೊ ಎಂಬ ಉಚಿತ ತಂತ್ರಾಂಶ, ಜೊತೆಗೆ ಆದೇಶ ಬರೆದು ನಡೆಸುವ ವಿಡಿಯೊ ತಂತ್ರಾಂಶ ಎಫ್‌ಎಫ್‌ಎಂಪೆಗ್. ಬೇರೆ ರೆಕಾರ್ಡರ್ ಬಳಸುವವರಿಗೂ ಲೆಕ್ಕ ಇದೇ.

ಮೊದಲ ಹೆಜ್ಜೆ: ಗಾತ್ರವನ್ನು ನಿರ್ಧರಿಸುತ್ತಿರುವುದು ಯಾವುದೆಂದು ನೋಡಿ

ಫ್ರೇಮ್ ದರವನ್ನು ಮುಟ್ಟುವ ಮೊದಲು ಒಬಿಎಸ್‌ನಲ್ಲಿ `Settings`, ಅದರೊಳಗೆ `Output` ತೆರೆಯಿರಿ. `Output Mode` ಎಂಬುದನ್ನು `Advanced` ಮಾಡಿ, `Recording` ಎಂಬ ಪುಟಕ್ಕೆ ಹೋಗಿ. ಅಲ್ಲಿ `Rate Control` ಎಂಬ ಸಾಲಿನಲ್ಲಿ `CBR` ಎಂದಿದ್ದರೆ ನನಗೆ ಆದದ್ದೇ ನಿಮಗೂ ಆಗುತ್ತದೆ.

ಸಿಬಿಆರ್ ಎಂದರೆ ಸ್ಥಿರ ಬಿಟ್‌ರೇಟ್. ಸೆಕೆಂಡಿಗೆ ಇಷ್ಟು ಕಿಲೋಬಿಟ್ ಎಂದು ನಾವು ಹೇಳಿಬಿಟ್ಟಿರುತ್ತೇವೆ, ಪರದೆಯ ಮೇಲೆ ಏನೇ ನಡೆಯುತ್ತಿರಲಿ, ಅಷ್ಟನ್ನು ಅದು ಬರೆದೇ ತೀರುತ್ತದೆ. ನನ್ನಲ್ಲಿದ್ದದ್ದು 6000. ಇಪ್ಪತ್ತು ನಿಮಿಷ ಎಂದರೆ 1200 ಸೆಕೆಂಡು. 6000ವನ್ನು 1200ರಿಂದ ಗುಣಿಸಿ, ಬಿಟ್ಟನ್ನು ಬೈಟಾಗಿಸಲು 8ರಿಂದ ಭಾಗಿಸಿದರೆ 9,00,000 ಕಿಲೋಬೈಟ್, ಅಂದರೆ 900 ಎಂಬಿ. ಈ ಲೆಕ್ಕದಲ್ಲಿ ಫ್ರೇಮ್ ದರ ಎಲ್ಲಿಯೂ ಬರಲೇ ಇಲ್ಲ ಎಂಬುದನ್ನು ಗಮನಿಸಿ. ಅದಕ್ಕೇ 60 ಆದರೂ 15 ಆದರೂ ಫೈಲು ಒಂದೇ ತೂಕ.

ಇನ್ನೂ ಒಂದು ವಿಷಯವಿದೆ. ಒಬಿಎಸ್‌ನಲ್ಲಿ ವಿಡಿಯೊವನ್ನು ಹಿಂಡಿ ಬರೆಯುವ ಎಕ್ಸ್264 ಎನ್‌ಕೋಡರ್ ಸಿಬಿಆರ್‌ನಲ್ಲಿ ಕೆಲಸ ಮಾಡುವಾಗ, ಪರದೆ ಸುಮ್ಮನೆ ನಿಂತಿದ್ದು ಬರೆಯಲು ಏನೂ ಇಲ್ಲದಿದ್ದರೂ ಬಿಟ್‌ರೇಟ್ ಭರ್ತಿ ಮಾಡಲು ಅರ್ಥವಿಲ್ಲದ ಬೈಟುಗಳನ್ನು ಸೇರಿಸುತ್ತದೆ. ಭತ್ತದ ಚೀಲ ತುಂಬಲಿಲ್ಲವೆಂದು ಜೊಳ್ಳು ಸುರಿದ ಹಾಗೆ. ಅಂತರ್ಜಾಲದಲ್ಲಿ ನೇರಪ್ರಸಾರ ಮಾಡುವಾಗ ಹರಿವು ಏರಿಳಿಯದಿರಲಿ ಎಂದು ಮಾಡಿರುವ ಏರ್ಪಾಟು ಅದು, ಅಲ್ಲಿ ಅದಕ್ಕೆ ಕಾರಣವಿದೆ. ಡಿಸ್ಕಿನಲ್ಲಿ ಉಳಿಸಿಕೊಳ್ಳುವ ಪಾಠಕ್ಕೆ ಅದು ಬೇಡ. ಪಾಂಡವಪುರದ ಕಾರ್ಯದರ್ಶಿಗಳು ಅವತ್ತು ಇಳಿಸಿಕೊಂಡದ್ದರಲ್ಲಿ ಬಹುಪಾಲು ಜೊಳ್ಳೇ.

ಆದ್ದರಿಂದ `Rate Control` ಅನ್ನು `CRF` ಮಾಡಿ. ಎನ್‌ವಿಡಿಯಾ ಕಾರ್ಡಿನ ಎನ್‌ಕೋಡರ್ ಆದರೆ ಅದೇ ಜಾಗದಲ್ಲಿ `CQP` ಎಂದಿರುತ್ತದೆ. ಇವು ಗಾತ್ರವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಗುಣಮಟ್ಟವನ್ನು ಹಿಡಿದಿಟ್ಟುಕೊಳ್ಳುತ್ತವೆ. ಅಂಕಿ ಚಿಕ್ಕದಾದಷ್ಟೂ ಚಿತ್ರ ಚೆನ್ನ, ಫೈಲು ದೊಡ್ಡದು. ಸುಮಾರು ಆರು ಅಂಕಿ ಇಳಿದರೆ ಗಾತ್ರ ಹತ್ತಿರ ಹತ್ತಿರ ಎರಡರಷ್ಟಾಗುತ್ತದೆ. ಅಕ್ಷರಗಳಿರುವ ಪರದೆಗೆ ನಾನು 20 ಇಡುತ್ತೇನೆ. ಫ್ರೇಮ್ ದರದ ಪರಿಣಾಮ ಕಾಣುವುದು ಇಲ್ಲಿಂದ ಮುಂದೆಯೇ.

ಎರಡನೆಯ ಹೆಜ್ಜೆ: ನಿಮ್ಮ ಪರದೆ ನಿಜವಾಗಿ ಎಷ್ಟು ಸಲ ಬದಲಾಗುತ್ತದೆ ಎಂದು ಎಣಿಸಿ

ವಿಡಿಯೊ ಎನ್‌ಕೋಡರ್ ಪ್ರತಿ ಚಿತ್ರವನ್ನೂ ಪೂರ್ತಿಯಾಗಿ ಬರೆಯುವುದಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ಣ ಚಿತ್ರವನ್ನು ಬರೆಯುತ್ತದೆ. ಅದನ್ನು ಕೀಫ್ರೇಮ್ ಎನ್ನುತ್ತಾರೆ. ಅಲ್ಲಿಂದಾಚೆಗೆ ಹಿಂದಿನ ಚಿತ್ರಕ್ಕಿಂತ ಎಲ್ಲಿ ಏನು ಬದಲಾಯಿತೋ ಅಷ್ಟನ್ನೇ ಬರೆದುಕೊಂಡು ಹೋಗುತ್ತದೆ. ಏನೂ ಬದಲಾಗದಿದ್ದರೆ "ಹಿಂದಿನದೇ ಇರಲಿ" ಎಂದು ಹೇಳುವಷ್ಟು ಮಾತ್ರ ಬರೆಯುತ್ತದೆ. ಅದಕ್ಕೆ ತಗಲುವುದು ತೀರ ಅಲ್ಪ ಜಾಗ.

ಕ್ಯಾಲ್ಕ್ ಪಾಠವೊಂದನ್ನು ಹತ್ತಿರದಿಂದ ನೋಡಿ. ಹಾಲಿನ ಲೆಕ್ಕದ ಹಾಳೆ ತೆರೆದಿದೆ. ಎಡಗಡೆ ಸದಸ್ಯರ ಸಂಖ್ಯೆ, ಪಕ್ಕದಲ್ಲಿ ಬೆಳಗಿನ ಲೀಟರು, ಸಂಜೆಯ ಲೀಟರು, ಜಿಡ್ಡಿನ ಅಂಶ, ದರ. ನಾನು ಮಾತನಾಡುತ್ತಿದ್ದೇನೆ, ಪರದೆಯ ಮೇಲೆ ಕರ್ಸರ್ ಮಿಟುಕುತ್ತಿದೆ. ಆ ಮಿಟುಕು ಸೆಕೆಂಡಿಗೆ ಒಂದೆರಡು ಸಲ. ಮೌಸ್ ಒಂದು ಕೋಶದಿಂದ ಇನ್ನೊಂದು ಕೋಶಕ್ಕೆ ಹೋಗಲು ಅರ್ಧ ಸೆಕೆಂಡು. ಸೂತ್ರ ಬೆರಳಚ್ಚಿಸುವಾಗ ಸೆಕೆಂಡಿಗೆ ಮೂರೋ ನಾಲ್ಕೋ ಅಕ್ಷರ. ಉಳಿದ ಹೊತ್ತೆಲ್ಲ ಪರದೆ ಗೋಡೆಯ ಕ್ಯಾಲೆಂಡರಿನಂತೆ ನಿಂತಿರುತ್ತದೆ. ಇಂಥ ಪರದೆಯನ್ನು ಸೆಕೆಂಡಿಗೆ 60 ಸಲ ಹಿಡಿದರೂ ಹೊಸದಾಗಿ ಸಿಗುವುದು ನಾಲ್ಕೈದು ಚಿತ್ರ.

ಇದನ್ನು ಊಹಿಸಬೇಕಾಗಿಲ್ಲ, ಎಣಿಸಬಹುದು. ಎರಡು ನಿಮಿಷದ ಮಾದರಿಯೊಂದನ್ನು 30 ಫ್ರೇಮಿನಲ್ಲಿ ರೆಕಾರ್ಡ್ ಮಾಡಿ, ಈ ಆದೇಶ ಕೊಡಿ:

```
ffmpeg -i patha.mkv -an -vf mpdecimate -fps_mode vfr -f null -
```

ಇದು ಹಿಂದಿನದರಂತೆಯೇ ಇರುವ ಚಿತ್ರಗಳನ್ನು ಕೈಬಿಟ್ಟು, ಬೇರೆಯಾಗಿ ಕಂಡವುಗಳನ್ನು ಮಾತ್ರ ಎಣಿಸುತ್ತದೆ. ಕೊನೆಯಲ್ಲಿ `frame=` ಎಂದು ತೋರಿಸುವ ಅಂಕಿಯೇ ಉತ್ತರ. ಎರಡು ನಿಮಿಷಕ್ಕೆ 30ರಂತೆ ಒಟ್ಟು 3600 ಚಿತ್ರಗಳಿರುತ್ತವೆ. ನನ್ನ ಮಾದರಿಯಲ್ಲಿ ಉಳಿದದ್ದು 700ರ ಆಸುಪಾಸು. ಅಂದರೆ ಸರಾಸರಿ ಸೆಕೆಂಡಿಗೆ ಆರು. ಎಫ್‌ಎಫ್‌ಎಂಪೆಗ್‌ನ ಹಳೆಯ ಆವೃತ್ತಿಯಿದ್ದು ಆದೇಶವನ್ನು ಅದು ಒಪ್ಪದಿದ್ದರೆ `-fps_mode vfr` ಇರುವ ಕಡೆ `-vsync vfr` ಎಂದು ಬರೆಯಿರಿ.

ಒಂದು ಎಚ್ಚರಿಕೆ. ಮೂಲೆಯಲ್ಲಿ ನಿಮ್ಮ ಮುಖ ಕಾಣುವಂತೆ ವೆಬ್‌ಕ್ಯಾಮ್ ಇಟ್ಟುಕೊಂಡಿದ್ದರೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಮುಖ ಅಲುಗಾಡದಿದ್ದರೂ, ಮಂದ ಬೆಳಕಿನಲ್ಲಿ ಕ್ಯಾಮೆರಾ ಚಿತ್ರದ ಮೇಲೆ ಸಣ್ಣ ಚುಕ್ಕಿಗಳು ಸದಾ ಕುಣಿಯುತ್ತಿರುತ್ತವೆ. ಎನ್‌ಕೋಡರ್‌ಗೆ ಅದೆಲ್ಲ ಬದಲಾವಣೆಯೇ. ಸಂಜೆಯ ಟ್ಯೂಬ್‌ಲೈಟಿನಲ್ಲಿ ರೆಕಾರ್ಡ್ ಮಾಡಿದ ಪಾಠಕ್ಕಿಂತ ಬೆಳಗಿನ ಕಿಟಕಿಯ ಬೆಳಕಿನಲ್ಲಿ ಮಾಡಿದ ಪಾಠದ ಫೈಲು ಚಿಕ್ಕದಾಗಿ ಬರುವುದನ್ನು ನಾನೇ ನೋಡಿದ್ದೇನೆ. ಮುಖ ತೋರಿಸಲೇಬೇಕಾದ ಅಗತ್ಯವಿಲ್ಲದಿದ್ದರೆ ಆರಂಭದಲ್ಲಿ ಅರ್ಧ ನಿಮಿಷ ತೋರಿಸಿ ತೆಗೆದುಬಿಡಿ.

ಮೂರನೆಯ ಹೆಜ್ಜೆ: ಪಾಠಕ್ಕೆ ಕೀಫ್ರೇಮ್ ಅಂತರ ಸರಿಪಡಿಸಿ

ಇದನ್ನು ಬಹಳಷ್ಟು ಜನ ಹಾಗೇ ಬಿಟ್ಟುಬಿಡುತ್ತಾರೆ. ಪಾಠದ ವಿಡಿಯೊದಲ್ಲಿ ಫ್ರೇಮ್ ದರಕ್ಕಿಂತ ಇದರ ಪ್ರಭಾವವೇ ದೊಡ್ಡದು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಪರದೆ ನಿಂತೇ ಇರುವಾಗ ನಡುವಿನ ಚಿತ್ರಗಳಿಗೆ ಖರ್ಚೇ ಇಲ್ಲ ಎಂದಾಯಿತು. ಹಾಗಾದರೆ ಜಾಗ ಹೋಗುವುದು ಎಲ್ಲಿ? ಪೂರ್ಣ ಚಿತ್ರಗಳಲ್ಲಿ, ಅಂದರೆ ಕೀಫ್ರೇಮ್‌ಗಳಲ್ಲಿ. ಅಕ್ಷರ, ಗೆರೆ, ಅಂಕಿಗಳು ಕಿಕ್ಕಿರಿದ 1920 × 1080ರ ಪರದೆಯ ಒಂದು ಪೂರ್ಣ ಚಿತ್ರಕ್ಕೆ 200 ಕೆಬಿ ಎಂದಿಟ್ಟುಕೊಳ್ಳೋಣ. ಒಬಿಎಸ್‌ನಲ್ಲಿ `Keyframe Interval` ಎಂಬಲ್ಲಿ 0 ಇದ್ದರೆ ಎಕ್ಸ್264 ಹೆಚ್ಚೆಂದರೆ 250 ಫ್ರೇಮಿಗೊಂದರಂತೆ ಪೂರ್ಣ ಚಿತ್ರ ಬರೆಯುತ್ತದೆ. ಈ ಮಿತಿ ಸೆಕೆಂಡಿನ ಲೆಕ್ಕದಲ್ಲಿಲ್ಲ, ಫ್ರೇಮಿನ ಲೆಕ್ಕದಲ್ಲಿದೆ. ಫ್ರೇಮ್ ದರ ಸದ್ದಿಲ್ಲದೆ ಗಾತ್ರವನ್ನು ಏರಿಸುವುದು ಇಲ್ಲಿಯೇ.

30 ಫ್ರೇಮಿನಲ್ಲಿ ಇಪ್ಪತ್ತು ನಿಮಿಷಕ್ಕೆ 36,000 ಚಿತ್ರ. 250ಕ್ಕೊಂದರಂತೆ 144 ಕೀಫ್ರೇಮ್, ತಲಾ 200 ಕೆಬಿಯಂತೆ ಸುಮಾರು 29 ಎಂಬಿ. 60 ಫ್ರೇಮಿನಲ್ಲಿ ಚಿತ್ರಗಳು 72,000, ಕೀಫ್ರೇಮ್ 288, ಜಾಗ ಸುಮಾರು 58 ಎಂಬಿ. ಪರದೆಯ ಮೇಲೆ ಹೆಚ್ಚಿಗೆ ಏನೂ ನಡೆಯಲಿಲ್ಲ, ಅದೇ ಹಾಳೆಯನ್ನು ಎರಡರಷ್ಟು ಸಲ ಪೂರ್ತಿ ಬರೆದದ್ದಷ್ಟೇ ವ್ಯತ್ಯಾಸ. ನೇರಪ್ರಸಾರಕ್ಕೆ ಹೇಳುವ ಸಲಹೆಯನ್ನು ನಂಬಿ ಅಂತರವನ್ನು 2 ಸೆಕೆಂಡಿಗೆ ಇಟ್ಟಿದ್ದರೆ ಕೀಫ್ರೇಮ್‌ಗಳು 600, ಜಾಗ 120 ಎಂಬಿ. ಆಗ ಫ್ರೇಮ್ ದರ 15 ಇದ್ದರೂ ಈ 120ರಲ್ಲಿ ಒಂದು ಎಂಬಿಯೂ ಇಳಿಯುವುದಿಲ್ಲ.

ಪಾಠಕ್ಕೆ `Keyframe Interval` 10 ಸೆಕೆಂಡು ಇಡಿ. ಇಪ್ಪತ್ತು ನಿಮಿಷಕ್ಕೆ 120 ಕೀಫ್ರೇಮ್, 24 ಎಂಬಿ. ಮೆನು ತೆರೆದಾಗ, ಹೊಸ ಹಾಳೆಗೆ ಹೋದಾಗ ಎನ್‌ಕೋಡರ್ ತಾನಾಗಿಯೇ ಇನ್ನೂ ಕೆಲವನ್ನು ಸೇರಿಸಬಹುದು, ಅದು ಇರಲಿ. ಇನ್ನೂ ದೂರ, 30 ಸೆಕೆಂಡಿಗೋ 60 ಸೆಕೆಂಡಿಗೋ ತಳ್ಳಬಾರದೇ ಎಂದು ಕೇಳಬಹುದು. ತಳ್ಳಿದರೆ ಫೈಲು ಇನ್ನಷ್ಟು ಚಿಕ್ಕದಾಗುತ್ತದೆ, ಆದರೆ ನೋಡುವವರು ಹಿಂದಕ್ಕೆ ಮುಂದಕ್ಕೆ ಎಳೆದಾಗ ವಿಡಿಯೊ ಕೀಫ್ರೇಮ್‌ನಿಂದಲೇ ತೊಡಗಬೇಕು. "ಆ ಸೂತ್ರ ಇನ್ನೊಮ್ಮೆ ನೋಡೋಣ" ಎಂದು ಐದು ಸೆಕೆಂಡು ಹಿಂದೆ ಹೋಗಲು ಬೆರಳಿಟ್ಟರೆ ಅರ್ಧ ನಿಮಿಷ ಹಿಂದಕ್ಕೆ ಹಾರುತ್ತದೆ, ಇಲ್ಲವೇ ಅಗ್ಗದ ಫೋನಿನಲ್ಲಿ ಕೊಂಚ ಹೊತ್ತು ನಿಂತುಬಿಡುತ್ತದೆ. ಪಾಠ ನೋಡುವವರು ಹಿಂದಕ್ಕೆ ಎಳೆಯುವುದು ಪದೇ ಪದೇ. ಅವರಿಗೆ ಆ ತೊಂದರೆ ಕೊಡಬಾರದು. ಹತ್ತು ಸೆಕೆಂಡು ಹದವಾದ ಅಳತೆ.

ಗುಣಮಟ್ಟ ಸಾಲದೆಂದು ತಿಳಿಯುವುದೂ ಇಲ್ಲಿಯೇ. ನಿಂತ ಪರದೆಯಲ್ಲಿ ಹತ್ತು ಸೆಕೆಂಡಿಗೊಮ್ಮೆ ಅಕ್ಷರಗಳು ಒಮ್ಮೆ ಮಸುಕಾಗಿ ಮತ್ತೆ ತಿಳಿಯಾಗುತ್ತಿದ್ದರೆ, ಉಸಿರಾಡಿದಂತೆ ಕಂಡರೆ, ಕೀಫ್ರೇಮ್‌ಗೆ ಸಿಕ್ಕ ಜಾಗ ಸಾಲುತ್ತಿಲ್ಲ. ಸಿಆರ್‌ಎಫ್ ಅಂಕಿಯನ್ನು ಎರಡು ಇಳಿಸಿ. ಕನ್ನಡ ಅಕ್ಷರಗಳಲ್ಲಿ ಒತ್ತು, ದೀರ್ಘಗಳ ತೆಳು ಗೆರೆಗಳು ಮೊದಲು ಕರಗುತ್ತವೆ. ಹಾಗಾಗಿ ಪರೀಕ್ಷಿಸುವಾಗ ದೊಡ್ಡ ಶೀರ್ಷಿಕೆಯನ್ನು ಬಿಟ್ಟು, ಕೋಶದೊಳಗಿನ ಚಿಕ್ಕ ಅಕ್ಷರವನ್ನು ನೋಡಿ.

ನಾಲ್ಕನೆಯ ಹೆಜ್ಜೆ: ಪಾಠದ ಫ್ರೇಮ್ ದರ ಆರಿಸಿ

ಈಗ ದರಕ್ಕೆ ಬರೋಣ. ನನ್ನ ತೀರ್ಮಾನ ನೇರವಾಗಿದೆ: ತಂತ್ರಾಂಶದ ಪಾಠಕ್ಕೆ 30 ಇಡಿ. `Settings`, `Video`, ಅಲ್ಲಿ `Common FPS Values` ಎಂಬುದರಲ್ಲಿ 30.

ಸೆಕೆಂಡಿಗೆ ಆರೇ ಹೊಸ ಚಿತ್ರಗಳಿದ್ದರೆ ಆರೋ ಹತ್ತೋ ಸಾಕಲ್ಲವೇ ಎನ್ನಬಹುದು. ಆರು ಎಂಬುದು ಸರಾಸರಿ. ಮೌಸ್ ಚಲಿಸುವ ಆ ಅರ್ಧ ಸೆಕೆಂಡಿನಲ್ಲಿ ಪ್ರತಿ ಚಿತ್ರವೂ ಹೊಸದೇ. ಹತ್ತು ಫ್ರೇಮಿನಲ್ಲಿ ಹಿಡಿದರೆ ಆ ಚಲನೆಗೆ ಸಿಗುವುದು ಐದು ಚಿತ್ರ. ಬಾಣ ಇಲ್ಲಿದ್ದದ್ದು ಅಲ್ಲಿ ಪ್ರತ್ಯಕ್ಷವಾದಂತೆ ಕಾಣುತ್ತದೆ, ಹೊಸದಾಗಿ ಕಲಿಯುವವರ ಕಣ್ಣು ಅದನ್ನು ಕಳೆದುಕೊಂಡು ಪರದೆಯ ತುಂಬ ಹುಡುಕುತ್ತದೆ. 30ರಲ್ಲಿ ಅದೇ ಚಲನೆಗೆ ಹದಿನೈದು ಚಿತ್ರ ಸಿಗುತ್ತದೆ, ಕಣ್ಣು ಹಿಂಬಾಲಿಸುತ್ತದೆ. ಹಾಳೆಯನ್ನು ಮೇಲಕ್ಕೆ ಕೆಳಕ್ಕೆ ಸರಿಸುವಾಗಲೂ ಹೀಗೆಯೇ.

60 ಯಾಕೆ ಬೇಡ ಎಂದರೆ, ಆ ಹದಿನೈದು ಮೂವತ್ತಾದರೂ ಕಲಿಯುವವರಿಗೆ ಸಿಗುವ ಹೊಸ ತಿಳಿವಳಿಕೆ ಇಲ್ಲ. ರೆಕಾರ್ಡ್ ಮಾಡುವ ಕಂಪ್ಯೂಟರಿಗೆ ಮಾತ್ರ ಎರಡರಷ್ಟು ಕೆಲಸ. ಚಲನೆಯೇ ಪಾಠವಾಗಿರುವ ತಂತ್ರಾಂಶಗಳು ಇದಕ್ಕೆ ಹೊರತು. ಅನಿಮೇಷನ್ ಕಲಿಸುವವರು ಅದರ ಓಟವನ್ನು ತೋರಿಸುವ ಭಾಗವನ್ನು 60ರಲ್ಲಿ ಹಿಡಿಯುವುದು ಸರಿ.

ಎಷ್ಟು ಉಳಿತಾಯವಾಗುತ್ತದೆ ಎಂಬುದನ್ನು ತಿಳಿಯಲು ಅದೇ ಕ್ಯಾಲ್ಕ್ ಪಾಠವನ್ನು ಸಿಆರ್‌ಎಫ್ 20, ಕೀಫ್ರೇಮ್ 10 ಸೆಕೆಂಡು ಇಟ್ಟು ಮೂರು ದರಗಳಲ್ಲಿ ತೂಗಿ ನೋಡಿದೆ. 60ರಲ್ಲಿ 70 ಎಂಬಿ, 30ರಲ್ಲಿ 61, 15ರಲ್ಲಿ 54. ಮೂರೂ 900ರ ಮುಂದೆ ಏನೂ ಅಲ್ಲ. 30ರಿಂದ 15ಕ್ಕೆ ಇಳಿದರೆ ಮೌಸಿನ ಸರಾಗವನ್ನು ಕಳೆದುಕೊಂಡು ಗಳಿಸುವುದು 7 ಎಂಬಿ. ಅಷ್ಟನ್ನು ಉಳಿಸಲು ಬೇರೆ ದಾರಿ ಇದೆ: ಧ್ವನಿ. 160 ಕಿಲೋಬಿಟ್‌ನ ಧ್ವನಿ ಇಪ್ಪತ್ತು ನಿಮಿಷಕ್ಕೆ 24 ಎಂಬಿ ತಿನ್ನುತ್ತದೆ, ಅಂದರೆ ಎಲ್ಲ ಕೀಫ್ರೇಮ್‌ಗಳೂ ಸೇರಿ ತಿನ್ನುವಷ್ಟು. ಬರಿಯ ಮಾತಿಗೆ 96 ಸಾಕು, ಅದು 14 ಎಂಬಿ ಆಗುತ್ತದೆ. ಮೇಲಿನ ಮೂರು ಅಂಕಿಗಳೂ ಧ್ವನಿ 96 ಇದ್ದಾಗಿನವು.

60 ಹರ್ಟ್ಸ್‌ನ ಮಾನಿಟರಿಗೆ 24 ಅಥವಾ 25 ಆರಿಸಬೇಡಿ. 60ನ್ನು 30, 20, 15 ಸಮವಾಗಿ ಭಾಗಿಸುತ್ತವೆ. 24 ಭಾಗಿಸುವುದಿಲ್ಲ, ಹಾಗಾಗಿ ಕೆಲವು ಚಿತ್ರಗಳ ನಡುವೆ ಪರದೆ ಎರಡು ಸಲ ಬದಲಾಗಿರುತ್ತದೆ, ಕೆಲವುಗಳ ನಡುವೆ ಮೂರು ಸಲ. ಹಾಳೆ ಸರಿಯುವಾಗ ಒಂದೇ ಸಮನೆ ಹರಿಯದೆ ತಡವರಿಸುತ್ತದೆ.

ಐದನೆಯ ಹೆಜ್ಜೆ: ಆಟಕ್ಕೆ ಬೇರೆ ಲೆಕ್ಕ

ಮಂಡ್ಯದಲ್ಲಿರುವ ನನ್ನ ಅಕ್ಕನ ಮಗ ಪಿಯುಸಿ ಓದುತ್ತಿದ್ದಾನೆ, ಕಾರು ಓಟದ ಆಟಗಳನ್ನು ರೆಕಾರ್ಡ್ ಮಾಡುವುದು ಅವನ ಹವ್ಯಾಸ. ಭಾನುವಾರ ಹೋದಾಗ ಲ್ಯಾಪ್‌ಟಾಪ್ ತಂದು ಮುಂದಿಟ್ಟ. "ಚಿಕ್ಕಮ್ಮ, ನೀವು ಹೇಳಿದ ಹಾಗೆಯೇ 30ರಲ್ಲಿ ಮಾಡಿದೆ. ಚೆನ್ನಾಗಿಯೇ ಇಲ್ಲ. 60ರಲ್ಲಿ ಮಾಡಿದರೆ ಆಟವೇ ಎಳೆದಾಡುತ್ತದೆ" ಎಂದ. ನಾನು ಪಾಠಕ್ಕೆಂದು ಹೇಳಿದ್ದನ್ನು ಅವನು ಆಟಕ್ಕೆ ಹಾಕಿಕೊಂಡಿದ್ದ.

ಆಟದಲ್ಲಿ ಪ್ರತಿ ಚಿತ್ರವೂ ಹೊಸದು. ಕಾರು ಓಡುತ್ತಿರುವಾಗ ರಸ್ತೆ, ಮರ, ಬೇಲಿ, ಆಕಾಶ, ಒಂದೂ ನಿಂತಲ್ಲಿ ನಿಂತಿರುವುದಿಲ್ಲ. "ಹಿಂದಿನದೇ ಇರಲಿ" ಎನ್ನುವ ಅವಕಾಶವೇ ಎನ್‌ಕೋಡರ್‌ಗೆ ಇಲ್ಲ. ಅದರ ಮೇಲೆ ವೇಗದ ಚಲನೆಯಲ್ಲಿ 30 ಮತ್ತು 60ರ ವ್ಯತ್ಯಾಸವನ್ನು ಕಣ್ಣು ಸುಲಭವಾಗಿ ಹಿಡಿಯುತ್ತದೆ. ತಿರುವಿನಲ್ಲಿ ಬೇಲಿಯ ಕಂಬಗಳು 60ರಲ್ಲಿ ಒಂದರ ಹಿಂದೊಂದು ಹಾದುಹೋಗುತ್ತವೆ, 30ರಲ್ಲಿ ಜಿಗಿಯುತ್ತವೆ. ಆದ್ದರಿಂದ ವೇಗದ ಆಟಕ್ಕೆ 60. ಚದುರಂಗ, ಇಸ್ಪೀಟು, ಸರದಿಯ ಮೇಲೆ ಆಡುವ ಆಟಗಳಾದರೆ ಅವುಗಳ ಪರದೆ ಪಾಠದ ಪರದೆಯಂತೆಯೇ, 30 ಧಾರಾಳ.

60ಕ್ಕೆ ತೆರಬೇಕಾದ ಬೆಲೆ ಎಷ್ಟು? ಎರಡರಷ್ಟು ಅಲ್ಲ. ಚಿತ್ರಗಳು ಎರಡರಷ್ಟಾದರೂ ಒಂದಕ್ಕೂ ಮುಂದಿನದಕ್ಕೂ ನಡುವಿನ ಅಂತರ ಅರ್ಧವಾಗಿರುತ್ತದೆ. ಕಾರು ಅಷ್ಟೇ ಕಡಿಮೆ ದೂರ ಸರಿದಿರುತ್ತದೆ, ಹಿಂದಿನ ಚಿತ್ರದಿಂದ ಮುಂದಿನದನ್ನು ಊಹಿಸುವುದು ಎನ್‌ಕೋಡರ್‌ಗೆ ಸುಲಭವಾಗುತ್ತದೆ. ಯೂಟ್ಯೂಬ್ ಕೂಡ 1080ರ ವಿಡಿಯೊ ಏರಿಸುವಾಗ 30ಕ್ಕೆ 8 ಮೆಗಾಬಿಟ್, 60ಕ್ಕೆ 12 ಮೆಗಾಬಿಟ್ ಎಂದು ಸೂಚಿಸುತ್ತದೆ, ಅಂದರೆ ಒಂದೂವರೆಯಷ್ಟು.

ನಿಮ್ಮ ಆಟದಲ್ಲಿ ಎಷ್ಟೆಂದು ತಿಳಿಯಲು ಎರಡು ಸಲ ಆಡಿ ಹೋಲಿಸಬೇಡಿ, ಎರಡು ಆಟ ಒಂದೇ ತರ ಇರುವುದಿಲ್ಲ. ಒಂದು ನಿಮಿಷವನ್ನು 60ರಲ್ಲಿ ಉತ್ತಮ ಗುಣಮಟ್ಟದಲ್ಲಿ ಹಿಡಿದು, ಅದರಿಂದಲೇ ಎರಡು ಪ್ರತಿ ತೆಗೆಯಿರಿ:

```
ffmpeg -i mula.mkv -an -c:v libx264 -crf 20 -g 600 m60.mp4
ffmpeg -i mula.mkv -an -vf fps=30 -c:v libx264 -crf 20 -g 300 m30.mp4
```

`-g` ಎಂಬುದು ಕೀಫ್ರೇಮ್ ಅಂತರ, ಫ್ರೇಮಿನ ಲೆಕ್ಕದಲ್ಲಿ. ಎರಡೂ ಕಡೆ ಹತ್ತು ಸೆಕೆಂಡೇ ಆಗಲಿ ಎಂದು 600 ಮತ್ತು 300 ಇಟ್ಟಿದ್ದೇನೆ, ಇಲ್ಲದಿದ್ದರೆ ಹೋಲಿಕೆ ಕೆಡುತ್ತದೆ. ಅವನ ಕಾರು ಓಟದಲ್ಲಿ 30ರ ಪ್ರತಿ 135 ಎಂಬಿ, 60ರದ್ದು 195 ಎಂಬಿ ಬಂತು. ಹೆಚ್ಚು ಕಡಿಮೆ ಒಂದೂವರೆಯೇ. ಒಂದು ಗಂಟೆಗೆ 8 ಜಿಬಿ, 12 ಜಿಬಿ ಎಂದಾಯಿತು. ಪೆನ್‌ಡ್ರೈವ್‌ನಲ್ಲಿ ಗೆಳೆಯರಿಗೆ ಕೊಡುವುದಾದರೆ ಇನ್ನೊಂದು ತೊಡಕಿದೆ. ಡ್ರೈವು ಫ್ಯಾಟ್32 ಮಾದರಿಯದಾದರೆ 4 ಜಿಬಿಗಿಂತ ದೊಡ್ಡ ಫೈಲನ್ನು, ಜಾಗ ಖಾಲಿಯಿದ್ದರೂ ಅದು ಒಪ್ಪುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಬೇಕು.

ಸಿಬಿಆರ್‌ನಲ್ಲೇ ಉಳಿದು 60 ಮಾಡಿದರೆ ಆಟದಲ್ಲಿ ಬೇರೆ ಹಾನಿ. ಫೈಲು ಬೆಳೆಯುವುದಿಲ್ಲ, ಚಿತ್ರ ಸೊರಗುತ್ತದೆ. 6000 ಕಿಲೋಬಿಟ್ ಅನ್ನು 30 ಚಿತ್ರಗಳಿಗೆ ಹಂಚಿದರೆ ಸರಾಸರಿ ಒಂದಕ್ಕೆ 25 ಕೆಬಿ, 60ಕ್ಕೆ ಹಂಚಿದರೆ ಹನ್ನೆರಡೂವರೆ. ಹುಲ್ಲು, ಎಲೆ, ಮಳೆ, ಧೂಳು ಬಂದ ಕಡೆಯೆಲ್ಲ ಚೌಕ ಚೌಕವಾಗಿ ಒಡೆಯುತ್ತದೆ. ಆಟ ರೆಕಾರ್ಡ್ ಮಾಡುವವರು ಸಿಕ್ಯೂಪಿ ಅಥವಾ ಸಿಆರ್‌ಎಫ್‌ಗೆ ಬರಬೇಕಾದ ಕಾರಣ ಇದು.

ಆರನೆಯ ಹೆಜ್ಜೆ: ಎಳೆದಾಟ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ

ಅವನ ಎರಡನೆಯ ದೂರು ಹೆಚ್ಚು ಗಂಭೀರ. 60ರಲ್ಲಿ ರೆಕಾರ್ಡ್ ಮಾಡಿದ ಎರಡು ನಿಮಿಷದ ಫೈಲಿನ ಮೇಲೆ ಎರಡನೆಯ ಹೆಜ್ಜೆಯ ಎಣಿಕೆಯ ಆದೇಶವನ್ನೇ ಓಡಿಸಿದೆವು. 7200 ಚಿತ್ರಗಳಿರಬೇಕಾದ ಕಡೆ ಬೇರೆ ಬೇರೆಯಾಗಿ ಕಂಡದ್ದು 5400ರ ಸುಮಾರು. 120 ಸೆಕೆಂಡಿನಿಂದ ಭಾಗಿಸಿದರೆ ಸೆಕೆಂಡಿಗೆ 45. ಫೈಲು 60ರದ್ದು, ಅದರೊಳಗಿನ ಆಟ 45ರದ್ದು. ಮೂರು ಹೊಸ ಚಿತ್ರಕ್ಕೆ ನಾಲ್ಕು ಜಾಗ ಇರುವುದರಿಂದ ಮೂರರಲ್ಲೊಂದು ಚಿತ್ರ ಎರಡು ಸಲ ಬರುತ್ತದೆ. ಕಾರು ಸರಾಗವಾಗಿ ಹೋಗುತ್ತಾ ಹೋಗುತ್ತಾ ಚೂರು ನಿಂತು ಹೊರಟಂತೆ, ಮತ್ತೆ ನಿಂತು ಹೊರಟಂತೆ ಕಾಣುತ್ತಿದ್ದದ್ದು ಇದರಿಂದಲೇ.

ಕಾರಣ ಎರಡರಲ್ಲೊಂದು ಇರುತ್ತದೆ: ಎನ್‌ಕೋಡರ್ ಸೋಲುತ್ತಿದೆ, ಇಲ್ಲವೇ ಗ್ರಾಫಿಕ್ಸ್ ಸೋಲುತ್ತಿದೆ. ಒಬಿಎಸ್‌ನ `Stats` ಕಿಟಕಿಯನ್ನು ತೆರೆದಿಟ್ಟು ರೆಕಾರ್ಡ್ ಮಾಡಿ. `Skipped frames due to encoding lag` ಏರುತ್ತಿದ್ದರೆ ಎನ್‌ಕೋಡರ್‌ಗೆ 60ರ ಓಟ ಹಿಡಿಯಲು ಆಗುತ್ತಿಲ್ಲ. ಎಕ್ಸ್264 ಪ್ರೊಸೆಸರಿನ ಮೇಲೆ ಓಡುತ್ತದೆ, ಆಟಕ್ಕೂ ಅದೇ ಪ್ರೊಸೆಸರ್ ಬೇಕು. ಗ್ರಾಫಿಕ್ಸ್ ಚಿಪ್ಪಿನೊಳಗೇ ಇರುವ ಎನ್‌ಕೋಡರ್‌ಗೆ ಬದಲಿಸಿದರೆ ಹೆಚ್ಚಿನ ಪಾಲು ಇದು ಸರಿಹೋಗುತ್ತದೆ. ಇಂಟೆಲ್‌ನಲ್ಲಿ ಅದು ಕ್ವಿಕ್‌ಸಿಂಕ್, ಎನ್‌ವಿಡಿಯಾದಲ್ಲಿ ಎನ್‌ವೆಂಕ್. ಅದೇ ಗುಣಮಟ್ಟಕ್ಕೆ ಫೈಲು ಎಕ್ಸ್264ಗಿಂತ ಸ್ವಲ್ಪ ದೊಡ್ಡದಾಗಬಹುದು, ಆ ಬೆಲೆ ತೆರಬಹುದು.

ಅವನ ಲ್ಯಾಪ್‌ಟಾಪಿನಲ್ಲಿ ಏರುತ್ತಿದ್ದದ್ದು ಇನ್ನೊಂದು ಸಾಲು, `Frames missed due to rendering lag`. ಗ್ರಾಫಿಕ್ಸ್‌ನ ಶಕ್ತಿಯನ್ನೆಲ್ಲ ಆಟವೇ ಬಳಸಿಕೊಂಡು ಒಬಿಎಸ್‌ಗೆ ಉಳಿಸುತ್ತಿರಲಿಲ್ಲ. ಇದಕ್ಕೆ ಎನ್‌ಕೋಡರ್ ಬದಲಿಸಿ ಫಲವಿಲ್ಲ. ಆಟದೊಳಗಿನ ಆಯ್ಕೆಗಳಿಗೆ ಹೋಗಿ ಫ್ರೇಮ್ ಮಿತಿಯನ್ನು 60ಕ್ಕೆ ಕಟ್ಟಿದೆವು, ನೆರಳು ಮತ್ತು ಪ್ರತಿಬಿಂಬದ ಗುಣಮಟ್ಟವನ್ನು ಒಂದೊಂದು ಮೆಟ್ಟಿಲು ಇಳಿಸಿದೆವು. ಮತ್ತೆ ಎಣಿಸಿದಾಗ 7200ರಲ್ಲಿ 7100ರಷ್ಟು ಹೊಸ ಚಿತ್ರಗಳಿದ್ದವು.

ಇಷ್ಟೆಲ್ಲ ಮಾಡಿದರೂ ಆಟ 40, 45ರಲ್ಲೇ ಕುಂಟುತ್ತಿದ್ದರೆ ಆಟವನ್ನೂ ರೆಕಾರ್ಡಿಂಗನ್ನೂ 30ಕ್ಕೆ ಕಟ್ಟಿ. ಒಂದೇ ಸಮನೆ ಹರಿಯುವ 30, ತಡವರಿಸುವ 60ಕ್ಕಿಂತ ಕಣ್ಣಿಗೆ ಹಿತ, ಫೈಲೂ ಚಿಕ್ಕದು.

ಇಬ್ಬರಿಗೂ ಅನ್ವಯಿಸುವ ಮಾತೊಂದು: ರೆಕಾರ್ಡಿಂಗ್ ರೂಪವನ್ನು `mkv` ಇಡಿ. ಸಾಮಾನ್ಯ ಎಂಪಿ4ನಲ್ಲಿ ಫೈಲಿನ ಸೂಚಿಯನ್ನು ಬರೆಯುವುದು ರೆಕಾರ್ಡಿಂಗ್ ನಿಲ್ಲಿಸಿದಾಗ. ನಡುವೆ ಕರೆಂಟು ಹೋದರೆ ಅಷ್ಟೂ ಹೊತ್ತಿನ ಕೆಲಸ ತೆರೆಯಲಾರದ ಫೈಲಾಗಿಬಿಡುತ್ತದೆ. ಎಂಕೆವಿಯಲ್ಲಿ ಕರೆಂಟು ಹೋದ ಗಳಿಗೆಯವರೆಗಿನದು ಉಳಿಯುತ್ತದೆ. ಆಮೇಲೆ `File`, `Remux Recordings` ಮೂಲಕ ಎಂಪಿ4 ಮಾಡಿಕೊಳ್ಳಿ. ಇದು ಚಿತ್ರವನ್ನು ಮುಟ್ಟುವುದಿಲ್ಲ, ಡಬ್ಬಿಯನ್ನಷ್ಟೇ ಬದಲಿಸುತ್ತದೆ, ಕೆಲವೇ ಸೆಕೆಂಡುಗಳ ಕೆಲಸ.

ಈಗಾಗಲೇ ದೊಡ್ಡದಾಗಿರುವ ಪಾಠಗಳಿಗೆ

ಸಿಬಿಆರ್‌ನಲ್ಲಿ ಹಿಡಿದ ನನ್ನ ಹಳೆಯ ಹನ್ನೊಂದು ಪಾಠಗಳನ್ನು ಮತ್ತೆ ರೆಕಾರ್ಡ್ ಮಾಡಲಿಲ್ಲ. ಜೊಳ್ಳು ತೂರುವ ಕೆಲಸವನ್ನು ಎಫ್‌ಎಫ್‌ಎಂಪೆಗ್‌ಗೇ ಕೊಟ್ಟೆ:

```
ffmpeg -i hale.mp4 -vf fps=30 -c:v libx264 -crf 20 -g 300 -c:a aac -b:a 96k hosa.mp4
```

ಮೊಬೈಲ್ ಪರದೆಯ ರೆಕಾರ್ಡಿಂಗ್‌ಗಳನ್ನೂ ಇದೇ ಆದೇಶದ ಮೂಲಕ ಹಾಯಿಸಿ. ಫೋನುಗಳು ಸಾಮಾನ್ಯವಾಗಿ ಪರದೆ ಬದಲಾದಾಗ ಮಾತ್ರ ಚಿತ್ರ ಬರೆಯುತ್ತವೆ, ಫ್ರೇಮ್ ದರ ಏರಿಳಿಯುತ್ತಿರುತ್ತದೆ. ಅದನ್ನು ಹಾಗೆಯೇ ಎಡಿಟಿಂಗ್ ತಂತ್ರಾಂಶಕ್ಕೆ ಹಾಕಿದರೆ ಹತ್ತು ನಿಮಿಷ ಕಳೆಯುವಷ್ಟರಲ್ಲಿ ಮಾತು ಒಂದು ಕಡೆ, ಚಿತ್ರ ಒಂದು ಕಡೆ ಆಗಿರುತ್ತದೆ. `fps=30` ಅದನ್ನು ಸಮ ಮಾಡುತ್ತದೆ.

ವಾಟ್ಸ್ಆಪ್‌ನಲ್ಲಿ ಕಳಿಸುವಾಗ ವಿಡಿಯೊ ಎಂದು ಕಳಿಸಬೇಡಿ, ಡಾಕ್ಯುಮೆಂಟ್ ಎಂದು ಕಳಿಸಿ. ವಿಡಿಯೊ ಎಂದು ಕಳಿಸಿದರೆ ಅದು ಇನ್ನೊಮ್ಮೆ ಹಿಂಡುತ್ತದೆ, ಕೋಶದೊಳಗಿನ ಅಂಕಿಗಳಲ್ಲಿ 3 ಯಾವುದು 8 ಯಾವುದು ಎಂದು ತಿಳಿಯದಂತಾಗುತ್ತದೆ. ಹಾಲಿನ ಲೆಕ್ಕದಲ್ಲಿ ಅದು ಸಣ್ಣ ವಿಷಯವಲ್ಲ.

ಕಾರ್ಯದರ್ಶಿಗಳಿಗೆ 61 ಎಂಬಿಯ ಪಾಠ ಕಳಿಸಿದ ಸಂಜೆ ಅವರು ಮತ್ತೆ ಫೋನ್ ಮಾಡಿದರು. ಈ ಸಲ ಕೇಳಿದ್ದು ಡೇಟಾದ ವಿಷಯವನ್ನಲ್ಲ. "ಮೇಡಂ, ಹನ್ನೆರಡನೆಯ ನಿಮಿಷದಲ್ಲಿ ಜಿಡ್ಡಿನ ಅಂಶದ ಮೇಲೆ ದರ ಹುಡುಕುವ ಸೂತ್ರ ಹಾಕಿದಿರಲ್ಲ, ಅದು ಸಂಜೆಯ ಹಾಲಿಗೂ ಅದೇ ಸಾಲಿನಿಂದ ದರ ತೆಗೆದುಕೊಳ್ಳುತ್ತಿದೆ. ಸರಿಯೇ?" ಸರಿಯಿರಲಿಲ್ಲ. ಆ ಎರಡು ನಿಮಿಷವನ್ನು ಮರುದಿನ ಬೆಳಿಗ್ಗೆ 30 ಫ್ರೇಮಿನಲ್ಲಿ ಮತ್ತೆ ರೆಕಾರ್ಡ್ ಮಾಡಿ ಕಳಿಸಿದೆ, 6 ಎಂಬಿ ಆಯಿತು.